ಶನಿವಾರದ ದರ

ಹಾಜಿ ಶಲಬಿಯವರನ್ನು ಬಲ್ಲವರೆಲ್ಲ ಅವರು ದೇವರಿಗೆ ಹೆದರುವವರು ಎನ್ನುತ್ತಾರೆ. ನಿಜವೇ. ಬೇರೆ ಯಾರಿಗೂ ಹೆದರಿದ್ದನ್ನು ಯಾರೂ ಕಂಡಿಲ್ಲ. ಕೈರೋದ ಚಿನಿವಾರ ಪೇಟೆಯಲ್ಲಿ ಅವರದು ಮೂರು ತಲೆಮಾರಿನ ಅಂಗಡಿ. ಮುಂದುಗಡೆ ಗಾಜಿನ ಬೀರುಗಳಲ್ಲಿ ಬಳೆ, ಸರ, ಓಲೆ. ಹಿಂದುಗಡೆ ಕಬ್ಬಿಣದ ಬಾಗಿಲಿನಾಚೆ ಗಟ್ಟಿ ಚಿನ್ನ. ಬಳೆ ಕೊಳ್ಳಲು ಬರುವವರು ಊರಿನ ಜನ, ಗಟ್ಟಿ ಕೊಳ್ಳಲು ಬರುವವರು ಪೇಟೆಯ ಉಳಿದ ಅಂಗಡಿಯವರು. ಹೀಗೆ ಗಟ್ಟಿ ಇಟ್ಟುಕೊಂಡು ಇತರರಿಗೆ ಕೊಡುವವರು ಇಲ್ಲಿ ಬೆರಳೆಣಿಕೆಯಷ್ಟು ಮಂದಿ. ಬೆಳಿಗ್ಗೆ ಅವರು ಫೋನಿನ ಗುಂಪಿನಲ್ಲಿ ಒಂದು ಅಂಕಿ ಹಾಕಿದರೆ, ಲೋಟದ ಚಹಾ ಮುಗಿಯುವಷ್ಟರಲ್ಲಿ ಇಡೀ ಪೇಟೆಯ ಬಾಯಲ್ಲಿ ಅದೇ ಅಂಕಿ.

ನಾನೊಂದು ಸಂಜೆ ಪತ್ರಿಕೆಯಲ್ಲಿ ಓದುಗರ ಪತ್ರಗಳ ಪುಟ ನೋಡಿಕೊಳ್ಳುವವನು. ಪತ್ರ ಬರೆಯುವವರು ಕಡಿಮೆಯಾಗಿ, ಸಂಬಳ ಮಾತ್ರ ಹಾಗೇ ಇರುವುದು ಸಂಪಾದಕರ ಕಣ್ಣಿಗೆ ಬಿದ್ದದ್ದರಿಂದ ಚಿನ್ನದ ದರ ಬರೆಯುವ ಕೆಲಸವೂ ನನ್ನ ಕೊರಳಿಗೆ ಬಿತ್ತು. ದಿನವೂ ಹಾಜಿಯವರ ಅಂಗಡಿಗೆ ಹೋಗುತ್ತೇನೆ, ಇಲ್ಲವೇ ಫೋನ್ ಮಾಡುತ್ತೇನೆ. ಅವರು ಜಪಮಣಿ ತಿರುಗಿಸುತ್ತ ದರ ಹೇಳುತ್ತಾರೆ. ಏರಿದ್ದರೆ ಏಕೆ ಏರಿತು ಎಂದು ಕೇಳುತ್ತೇನೆ. "ಬರ್ಕೊಳ್ಳಿ ಉಸ್ತಾದ್, ಜಾಗತಿಕ ಮಾರುಕಟ್ಟೆಯ ಪರಿಣಾಮ" ಎನ್ನುತ್ತಾರೆ. ಇಳಿದಿದ್ದರೂ ಅದೇ. ಒಮ್ಮೆ ಅವರ ಅಂಗಡಿಯ ಬೆಕ್ಕು ಕಾಣೆಯಾದಾಗಲೂ ಅವರು ಹಾಗೆಯೇ ಹೇಳಿಯಾರೆಂದು ಕಾದಿದ್ದೆ, ಹೇಳಲಿಲ್ಲ. ನಮ್ಮ ಪತ್ರಿಕೆಯಲ್ಲಿ ಅವರ ಹೆಸರಿನ ಹಿಂದೆ ಯಾವಾಗಲೂ "ಚಿನ್ನದ ವಹಿವಾಟಿನ ತಜ್ಞ" ಎಂಬ ಬಿರುದು ಇರುತ್ತದೆ. ಕೊಟ್ಟವನು ನಾನೇ. ಪುಟದಲ್ಲಿ ಒಂದು ಸಾಲು ಕಡಿಮೆ ಬಿದ್ದಿತ್ತು.

ಅದು ನಮ್ಮ ದುಡ್ಡು ದಿನದಿನಕ್ಕೆ ಸೊರಗುತ್ತಿದ್ದ ವರ್ಷ. ಡಾಲರಿಗೆ ಬ್ಯಾಂಕಿನಲ್ಲಿ ಒಂದು ಬೆಲೆ, ಬೀದಿಯಲ್ಲಿ ಇನ್ನೊಂದು. ಬ್ಯಾಂಕಿನ ಬೆಲೆಗೆ ಡಾಲರ್ ಸಿಗುತ್ತಿರಲಿಲ್ಲ, ಬೀದಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಉಳಿತಾಯವಿದ್ದವರೆಲ್ಲ ಚಿನ್ನಕ್ಕೆ ಮುಗಿಬಿದ್ದಿದ್ದರು. ಬೆಳಿಗ್ಗೆ ಒಂದು ದರ, ಮಧ್ಯಾಹ್ನದ ನಮಾಜಿನ ಹೊತ್ತಿಗೆ ಒಂದು, ಸಂಜೆಗೆ ಮತ್ತೊಂದು. ಉಂಗುರ ಬೆರಳಿಗೆ ಹಾಕಿ ತೆಗೆಯುವಷ್ಟರಲ್ಲಿ ಬೆಲೆ ಬದಲಾಗಿ ಅಳುತ್ತ ಹೋದ ಹುಡುಗಿಯರನ್ನು ನಾನೇ ನೋಡಿದ್ದೇನೆ.

ಅಂಥ ಒಂದು ಸೋಮವಾರ ಕಚೇರಿಯ ಪೆಟ್ಟಿಗೆಯಲ್ಲಿ ಲಕೋಟೆಯೊಂದು ಬಿದ್ದಿತ್ತು. ಒಳಗೆ ಗೆರೆಯಿಲ್ಲದ ಹಾಳೆ, ದಪ್ಪ ಅಕ್ಷರ.

"ಮಾನ್ಯ ಸಂಪಾದಕರೇ, ಒಂದೇ ದಿನದಲ್ಲಿ ಚಿನ್ನದ ದರ ಹಲವು ಸಲ ಬದಲಾಗುವುದು ಏಕೆ? ನನ್ನ ಮಗನ ನಿಶ್ಚಿತಾರ್ಥದ ಚಿನ್ನ ಕೊಳ್ಳಲು ಹೋಗಿದ್ದೆ. ಅಂಗಡಿಯೊಳಗೆ ಕಾಲಿಟ್ಟಾಗ ಒಂದು ದರ, ಕೂತಾಗ ಒಂದು, ತಕ್ಕಡಿಯ ಮುಂದೆ ನಿಂತಾಗ ಮತ್ತೊಂದು. ಕೇಳಿದರೆ ಜಾಗತಿಕ ಮಾರುಕಟ್ಟೆ ಎನ್ನುತ್ತಾರೆ. ಸ್ವಾಮಿ, ಅಂದು ಶನಿವಾರ. ಶುಕ್ರವಾರ ರಾತ್ರಿ ಜಗತ್ತಿನ ಚಿನ್ನದ ಮಾರುಕಟ್ಟೆ ಬಾಗಿಲು ಹಾಕಿದರೆ ಭಾನುವಾರ ರಾತ್ರಿಯವರೆಗೆ ತೆರೆಯುವುದಿಲ್ಲ. ಶನಿವಾರ ಔನ್ಸಿನ ಬೆಲೆ ಕದಲುವುದೇ ಇಲ್ಲ. ಹಾಗಿದ್ದರೆ ಇಲ್ಲಿ ದರ ಕದಲಿಸಿದ ಕೈ ಯಾರದು? ಬಡ ತಂದೆಯರ ಹೊಟ್ಟೆಯ ಮೇಲೆ ಹೊಡೆಯುವ ಈ ಜನಕ್ಕೆ ದೇವರ ಭಯವಿಲ್ಲವೇ? ಇಂತಿ, ನೊಂದ ತಂದೆ, ಗಮಾಲಿಯಾ ಮೊಹಲ್ಲ."

ಓದಿ ತಲೆ ಕೆರೆದುಕೊಂಡೆ. ನಮ್ಮ ಓದುಗರಲ್ಲಿ ನೊಂದ ತಂದೆಯರು ಧಾರಾಳವಾಗಿದ್ದಾರೆ. ಆದರೆ ಶನಿವಾರ ಔನ್ಸು ಕದಲುವುದಿಲ್ಲ ಎಂದು ತಿಳಿದು ನೊಂದವರು ಇಲ್ಲಿಯವರೆಗೆ ಒಬ್ಬರೂ ಸಿಕ್ಕಿರಲಿಲ್ಲ. ಇರಲಿ, ಒಳ್ಳೆಯ ಪತ್ರ. ತಜ್ಞರ ಉತ್ತರದೊಡನೆ ಹಾಕೋಣವೆಂದು ಹಾಜಿಯವರಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ.

ಆ ಕಡೆಯಿಂದ ಜಪಮಣಿಯ ಸದ್ದು ನಿಂತಿತು.

"ಯಾರು ಬರೆದಿರೋದು?" ಎಂದರು.

"ಹೆಸರಿಲ್ಲ. ನಿಮ್ಮ ಮೊಹಲ್ಲದವನೇ."

"ಉತ್ತರ ಯಾರ್ ಕೊಡ್ತಾರೆ?"

"ನೀವೇ ಅಲ್ವಾ ಕೊಡೋದು? ಇಷ್ಟು ವರ್ಷ ಇನ್ಯಾರು ಕೊಟ್ಟಿದ್ದಾರೆ?"

"ಈ ಸಲ ತಾದ್ರೊಸ್‌ನ ಕೇಳಿ."

ತಾದ್ರೊಸ್ ಅದೇ ಓಣಿಯಲ್ಲಿ ಎರಡು ಅಂಗಡಿ ಆಚೆ ಇರುವ ಅಕ್ಕಸಾಲಿ, ಹಾಜಿಯವರ ಹಳೆಯ ಪ್ರತಿಸ್ಪರ್ಧಿ. ಅವನ ಹೆಸರು ಪತ್ರಿಕೆಯಲ್ಲಿ ಬಂದರೆ ಹಾಜಿಯವರಿಗೆ ಎರಡು ದಿನ ಊಟ ಸೇರುವುದಿಲ್ಲ. ಅಂಥವರೇ ಹೀಗೆ ಹೇಳಿದಾಗ ನನಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ, ಪುಟ ಮುಗಿಸುವ ಆತುರ. "ಸರಿ, ತಾದ್ರೊಸ್‌ನೇ ತಜ್ಞ ಅಂತ ಹಾಕ್ತೀನಿ" ಎಂದೆ.

"ತಡೀರಿ, ತಡೀರಿ" ಎಂದರು ಹಾಜಿ. ಆಮೇಲೆ ಸುರುವಾಯಿತು ನೋಡಿ. ಔನ್ಸಿನ ಬೆಲೆಯನ್ನು ಮೂವತ್ತೊಂದು ಗ್ರಾಮು ಚಿಲ್ಲರೆಯಿಂದ ಭಾಗಿಸಬೇಕು, ಡಾಲರಿನ ಬೆಲೆಯಿಂದ ಗುಣಿಸಬೇಕು, ಇಪ್ಪತ್ತೊಂದು ಕ್ಯಾರೆಟ್ಟಾದರೆ ಇಪ್ಪತ್ನಾಲ್ಕರಲ್ಲಿ ಇಪ್ಪತ್ತೊಂದು ಪಾಲು ಹಿಡಿಯಬೇಕು. ಮಜೂರಿ, ಮುದ್ರೆಯ ಶುಲ್ಕ ಬೇರೆ. ಶನಿವಾರ ಔನ್ಸು ಮಲಗಿದ್ದರೂ ಡಾಲರ್ ಮಲಗುವುದಿಲ್ಲ, ಗಿರಾಕಿಯೂ ಮಲಗುವುದಿಲ್ಲ. ಇವತ್ತು ಮಾರಿದ ಗ್ರಾಮನ್ನು ವ್ಯಾಪಾರಿ ನಾಳೆ ಯಾವ ಬೆಲೆಗೆ ಮತ್ತೆ ತುಂಬಿಕೊಳ್ಳಬೇಕೋ ಆ ಬೆಲೆಗೇ ಮಾರುತ್ತಾನೆ, ಇದರಲ್ಲಿ ಯಾರ ಕೈವಾಡವೂ ಇಲ್ಲ. ಕೊನೆಗೆ ದನಿ ಎತ್ತರಿಸಿ ಸೇರಿಸಿದರು: "ಇದನ್ನೂ ಬರ್ಕೊಳ್ಳಿ. ಗ್ರಾಮಿನ ಲೆಕ್ಕದಲ್ಲಿ ಮಾತು ಕೊಟ್ಟವನು ಗ್ರಾಮು ಕೊಡಬೇಕು. ನಾಳೆ ಇಳಿಯುತ್ತೆ ಅಂತ ಅಂಗಡಿಯಿಂದ ಎದ್ದು ಹೋಗೋನು ಆಮೇಲೆ ಪತ್ರಿಕೆಗೆ ಬರೆದು ಅಳಬಾರದು."

ಬುಧವಾರ ಪತ್ರವೂ ಉತ್ತರವೂ ಅಕ್ಕಪಕ್ಕದಲ್ಲಿ ಅಚ್ಚಾದವು. ಉತ್ತರದ ಮೇಲೆ ಹಾಜಿಯವರ ಭಾವಚಿತ್ರ.

ಅಂದು ಸಂಜೆಯೇ ತಾದ್ರೊಸ್‌ನ ಫೋನು ಬಂತು. ನಗು ತಡೆಯಲಾರದೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. "ಉಸ್ತಾದ್, ಅಂಗಡಿಗೆ ಬನ್ನಿ. ಈ ಸುಖ ಫೋನಲ್ಲಿ ಹೇಳಿ ಮುಗಿಯೋದಲ್ಲ."

ಹೋದೆ. ಚಹಾ ತರಿಸಿ, ಬಾಗಿಲು ಮುಂದೆ ಮಾಡಿ, ಅವನು ಶನಿವಾರದ ಕಥೆ ಹೇಳಿದ.

ಹಾಜಿಯವರ ಒಬ್ಬನೇ ಮಗ ತಾಮೆರ್‌ಗೂ ನಶ್ವಾ ಎಂಬ ಹುಡುಗಿಗೂ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಗಂಡಿನ ಕಡೆಯವರು ಹುಡುಗಿಗೆ ಕೊಡುವ ಚಿನ್ನಕ್ಕೆ ಶಬ್ಕಾ ಎನ್ನುತ್ತಾರೆ. ಅದು ಕೈಗೆ ಬರದೆ ನಿಶ್ಚಿತಾರ್ಥವಿಲ್ಲ. ನಶ್ವಾಳ ತಾಯಿ ಇನ್ಸಾಫ್ ಅಂಚೆ ಕಚೇರಿಯ ಉಳಿತಾಯ ವಿಭಾಗದಲ್ಲಿ ದುಡಿದು ನಿವೃತ್ತಳಾದ ವಿಧವೆ. ಇಷ್ಟು ಸಾವಿರ ಪೌಂಡಿನ ಚಿನ್ನ ಎಂದು ಆಕೆ ಮಾತು ತೆಗೆದಾಗ ಹಾಜಿಯವರೇ ತಡೆದಿದ್ದರಂತೆ. "ಬೀಗಿತ್ತಿಯವರೇ, ನಾವು ಚಿನಿವಾರರು. ಕಾಗದದ ದುಡ್ಡಲ್ಲಿ ಮಾತಾಡಲ್ಲ. ನೂರು ಗ್ರಾಮು, ಇಪ್ಪತ್ತೊಂದು ಕ್ಯಾರೆಟ್!" ಎಂದು ಎದೆ ತಟ್ಟಿದ್ದರು. ಇನ್ಸಾಫ್ ಒಪ್ಪಿ ಒಂದೇ ಒಂದು ಷರತ್ತು ಹಾಕಿದಳು. ಚಿನ್ನ ಹಾಜಿಯವರ ಅಂಗಡಿಯದಾಗಿರಕೂಡದು. ಕೊಡುವವನ ಚಿನ್ನವನ್ನು ಕೊಡುವವನ ತಕ್ಕಡಿಯಲ್ಲೇ ತೂಗಿದರೆ ಅದು ಉಡುಗೊರೆಯಾಗುತ್ತದೋ ಇಲ್ಲ ಹಳೆಯ ಸರಕು ಖಾಲಿ ಮಾಡಿದ ಹಾಗಾಗುತ್ತದೋ ಎಂದು ಕೇಳಿದಳಂತೆ. ಹಾಜಿಯವರಿಗೆ ನುಂಗಲಾರದ ತುತ್ತು. ಆದರೆ ಹುಡುಗ ಹುಡುಗಿಯನ್ನು ಮೆಚ್ಚಿ ಕೂತಿದ್ದ. ತಾದ್ರೊಸ್‌ನ ಅಂಗಡಿಗೇ ಹೋಗೋಣವೆಂದಾಯಿತು.

"ಶನಿವಾರ ಹಾಜಿ ಏನ್ ಮಾಡ್ದ ಗೊತ್ತಾ?" ಎಂದ ತಾದ್ರೊಸ್. "ಮಗನ ಶುಭಕಾರ್ಯ ಅಂತ ಅಂಗಡಿ ಶಟರ್ ಎಳ್ದ. ಅಪ್ಪ ಸತ್ತ ದಿನವೂ ಅರ್ಧ ತೆರೆದಿಟ್ಟಿದ್ದ ಅಂಗಡಿ ಅದು! ಪೇಟೆ ಏನ್ ಅಂದ್ಕೊಳ್ಳುತ್ತೆ ಹೇಳಿ? ಶಲಬಿ ಗಟ್ಟಿ ಹಿಡ್ಕೊಂಡ, ಮಾರ್ತಿಲ್ಲ, ಡಾಲರ್ ಸುದ್ದಿ ಏನೋ ಸಿಕ್ಕಿದೆ ಅಂದ್ಕೊಳ್ಳುತ್ತೆ. ಅಷ್ಟು ಸಾಕು, ದರ ಒಂದು ಮೆಟ್ಟಿಲು ಏರಿತು."

"ಅವರಿಗೆ ಗೊತ್ತಾಗಲಿಲ್ವಾ?"

"ಫೋನು ಮನೇಲಿ ಬಿಟ್ಟು ಬಂದಿದ್ದ. ಬೀಗರ ಮುಂದೆ ಮರ್ಯಾದಸ್ಥನ ಹಾಗಿರಬೇಕು ಅಂತ ಹೆಂಡತಿ ಕಿತ್ತಿಟ್ಕೊಂಡಿದ್ಳು. ಹೊಸ ಅಂಗಿ ಹಾಕ್ಕೊಂಡು, ಹೆಂಗಸರ ದಂಡು ಕಟ್ಕೊಂಡು ನನ್ನ ಅಂಗಡಿಗೆ ಬಂದ. ಬೀದಿಯವರೆಲ್ಲ ನೋಡಿದ್ರು. ನೋಡಿ ಏನ್ ಅಂದ್ರು? ಶಲಬಿ ತಾನು ಮಾರೋದು ಬಿಟ್ಟು ತಾದ್ರೊಸ್ ಹತ್ರ ಕೊಳ್ತಿದಾನೆ! ಎರಡನೇ ಮೆಟ್ಟಿಲು."

"ಮೂರನೇದು?"

"ಮೂರನೇದು ಅವನ ಬಾಯಿಂದಲೇ. ಹುಡುಗಿ ಬಳೆ ಆರಿಸಿ ಆಯ್ತು. ಹೆಂಗಸರು ಮಂಗಳದ ಕೂಗು ಹಾಕೋಕೆ ನಾಲಿಗೆ ಸಿದ್ಧ ಮಾಡ್ಕೊಂಡಿದ್ರು. ನಾನು ದರ ಹೇಳ್ದೆ. ಇವನು ಕೆಂಡ ಆದ. ಬಾಗಿಲಲ್ಲಿ ನಿಂತು, ನೂರು ಗ್ರಾಮು ಕೇಳಿದ್ರೆ ಹೀಗೆ ಸುಲೀತೀಯಾ ಅಂತ ಕೂಗಿದ. ಬೀದಿಗೆ ಕೇಳಿಸಿದ್ದು ಎರಡೇ ಮಾತು, ಶಲಬಿ, ನೂರು. ಆಚೆ ಓಣಿ ತಲುಪೋವಾಗ ಅದು ನೂರು ಕಿಲೋ ಆಗಿತ್ತು!"

ತಾದ್ರೊಸ್ ಕಣ್ಣೊರೆಸಿಕೊಂಡ. ಅಂದು ಬೆಳಗಿನಿಂದ ಗ್ರಾಮಿಗೆ ನೂರಿಪ್ಪತ್ತು ಪೌಂಡ್ ಏರಿತ್ತು. ಹಾಜಿ "ನಾಳೆ ಇಳಿಯುತ್ತೆ" ಎಂದು ಎದ್ದು ನಡೆದರು. ಹುಡುಗಿಯ ಕೈಯಲ್ಲಿದ್ದ ಬಳೆಗಳನ್ನು ತಾದ್ರೊಸ್ ತಾನೇ ಬಿಚ್ಚಿ ತಟ್ಟೆಗೆ ಹಾಕಬೇಕಾಯಿತು. ಇದನ್ನು ಹೇಳುವಾಗ ಮಾತ್ರ ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ.

ಹೀಗೆ ನೊಂದ ತಂದೆ ಸಿಕ್ಕಿಬಿದ್ದ. ತನ್ನ ಪ್ರಶ್ನೆಗೆ ತಾನೇ ಉತ್ತರ ಕೊಟ್ಟು, ತನ್ನನ್ನು ತಾನೇ ಅಳುಬುರುಕ ಎಂದು ಬೈದು, ಮೇಲೆ ತನ್ನದೇ ಭಾವಚಿತ್ರ ಹಾಕಿಸಿಕೊಂಡಿದ್ದ. ಪತ್ರಿಕೋದ್ಯಮದಲ್ಲಿ ಇಂಥ ಸೌಭಾಗ್ಯ ದಿನವೂ ಬರುವುದಿಲ್ಲ. ದರ ಬರೆದುಕೊಳ್ಳುವ ನೆಪದಲ್ಲಿ ಮರುದಿನ ಬೆಳಿಗ್ಗೆಯೇ ಹಾಜಿಯವರ ಅಂಗಡಿಗೆ ಹೋಗಿ ಕೂತೆ.

ನನಗಿಂತ ಮುಂಚೆ ಇನ್ಸಾಫ್ ಬಂದಿದ್ದಳು. ಕಪ್ಪು ಕೈಚೀಲವನ್ನು ತೊಡೆಯ ಮೇಲಿಟ್ಟು, ಬುಧವಾರದ ನಮ್ಮ ಪತ್ರಿಕೆಯನ್ನು ಮಡಿಸಿ ಹಿಡಿದಿದ್ದಳು. ತಾಮೆರ್ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದ. ಒಳ್ಳೆಯ ಹುಡುಗ, ಅಪ್ಪನ ಮುಂದೆ ದನಿ ಎತ್ತಿದವನಲ್ಲ.

"ಬರುವ ಭಾನುವಾರ ನಿಶ್ಚಿತಾರ್ಥ" ಎಂದಳು ಇನ್ಸಾಫ್. "ಜನಕ್ಕೆ ಹೇಳಿ ಆಗಿದೆ. ನನ್ನ ಮಗಳ ಕೈಯಿಂದ ಬಳೆ ಬಿಚ್ಚಿಸಿದ್ರಿ. ಚಿನ್ನ ಯಾವಾಗ ತರ್ತೀರಿ ಅಂತ ಕೇಳಿದ್ರೆ ದರ ಇಳೀಲಿ ಅಂತೀರಿ. ಇಳೀದಿದ್ರೆ?"

"ಇಳಿಯುತ್ತೆ ಬೀಗಿತ್ತಿಯವರೇ. ವ್ಯಾಪಾರ ನಿಮಗೆ ಗೊತ್ತಾಗಲ್ಲ."

"ಹೌದು, ನನಗೆಲ್ಲಿ ಗೊತ್ತಾಗುತ್ತೆ? ಅದಕ್ಕೇ ತಜ್ಞರು ಏನ್ ಹೇಳಿದ್ದಾರೆ ಅಂತ ಓದಿಕೊಂಡು ಬಂದಿದೀನಿ." ಕನ್ನಡಕ ಹಾಕಿಕೊಂಡು ಓದಿದಳು: "'ಗ್ರಾಮಿನ ಲೆಕ್ಕದಲ್ಲಿ ಮಾತು ಕೊಟ್ಟವನು ಗ್ರಾಮು ಕೊಡಬೇಕು. ನಾಳೆ ಇಳಿಯುತ್ತೆ ಎಂದು ಎದ್ದು ಹೋಗುವವನು ಆಮೇಲೆ ಅಳಬಾರದು.' ಫೋಟೋ ಚೆನ್ನಾಗಿ ಬಂದಿದೆ ಬೀಗರೇ. ಪಕ್ಕದಲ್ಲಿ ಪತ್ರ ಬರೆದಿರೋ ಆ ಬಡ ತಂದೇದೂ ಹಾಕಬೇಕಿತ್ತು. ಪಾಪ, ಅವನ ಸಂಕಟ ಓದಿ ನನಗೆ ಯಾರದೋ ಗುರುತು ಹತ್ತಿತು."

ಹಾಜಿಯವರು ನನ್ನನ್ನು ನೋಡಿದರು. ನಾನು ಬೀರುವಿನೊಳಗಿನ ಓಲೆಗಳನ್ನು ನೋಡಿದೆ.

ಆಗ ತಾಮೆರ್ ಬಾಯಿಬಿಟ್ಟ. "ಅಪ್ಪಾ, ಇನ್ನೊಂದು ಸಲ ಆ ಬಳೆ ಬಿಚ್ಚಿಸಿದ್ರೆ ನಾನು ನಿಮ್ಮ ಅಂಗಡಿಯಲ್ಲಿ ಕೂರಲ್ಲ. ಅವಳ ಮುಂದೆ ತಲೆ ಎತ್ತಿ ನಿಲ್ಲೋಕೂ ಆಗ್ತಿಲ್ಲ ನನಗೆ."

ನೂರಿಪ್ಪತ್ತು ಪೌಂಡಿನ ಏರಿಕೆ ಹಾಜಿಯವರಿಗೆ ಲೆಕ್ಕವಲ್ಲ. ಹೊಟ್ಟೆ ಉರಿಸಿದ್ದು ಬೇರೆ, ಜೀವಮಾನವೆಲ್ಲ ಇತರರನ್ನು ಕೂರಿಸಿದ ಕುರ್ಚಿಯಲ್ಲಿ ತಾವು ಕೂರಬೇಕಾಗಿ ಬಂದದ್ದು. ಆದರೆ ಮೂರು ತಲೆಮಾರಿನ ಅಂಗಡಿಗೆ ನಾಲ್ಕನೆಯದು ಇವನೊಬ್ಬನೇ. "ಶನಿವಾರ ಹೋಗೋಣ" ಎಂದರು, ಮೆತ್ತಗೆ. "ನಾನೇ ಬರ್ತೀನಿ."

"ಅಯ್ಯೋ ಬೇಡಪ್ಪಾ!" ಎಂದಳು ಇನ್ಸಾಫ್. "ತಾದ್ರೊಸ್ ನನಗೆಲ್ಲ ಹೇಳಿದ್ದಾನೆ. ನೀವು ಶಟರ್ ಎಳೆದ್ರೆ ಏರುತ್ತೆ, ಬೀದೀಲಿ ನಡೆದ್ರೆ ಏರುತ್ತೆ, ಬಾಯಿ ತೆಗೆದ್ರೆ ಅಂತೂ ಕೇಳೋದೇ ಬೇಡ. ನೀವು ಅವತ್ತು ಎಂದಿನ ಹಾಗೆ ಅಂಗಡಿ ತೆರೆದು, ಎಲ್ಲರ ಕಣ್ಣಿಗೆ ಬೀಳೋ ಹಾಗೆ ಕೂತು, ಬಂದೋರಿಗೆಲ್ಲ ಮಾರ್ತಾ ಇರಿ. ನಾವು ಹೆಂಗಸರು ತಾಮೆರ್‌ನ ಕರ್ಕೊಂಡು ಹೋಗಿ ಕೊಂಡ್ಕೊಂಡು ಬರ್ತೀವಿ."

"ಗಂಡಿನ ತಂದೆ ಇಲ್ಲದೆ ಶಬ್ಕಾ ಕೊಳ್ಳೋದಾ? ಜನ ಏನಂತಾರೆ? ಹುಡುಗಿಗೆ ಮೊದಲ ಬಳೆ ತೊಡಿಸೋವಾಗ ನಾನು ನೋಡೋದು ಬೇಡ್ವಾ?"

"ಹೋದ ವಾರ ನೋಡಬಹುದಿತ್ತು" ಎಂದು ಇನ್ಸಾಫ್ ಎದ್ದಳು.

ಶನಿವಾರ ಬಂತು. ನಾನೂ ಹೋದೆ, ಇಂಥದ್ದನ್ನು ತಪ್ಪಿಸಿಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಹಾಜಿಯವರು ಶಟರನ್ನು ಪೂರ್ತಿ ಮೇಲೆತ್ತಿಸಿ, ಕುರ್ಚಿಯನ್ನು ಹೊಸ್ತಿಲಿಗೇ ಎಳೆದು ಹಾಕಿಸಿ ಕೂತಿದ್ದರು. ಹಿಂದಿನ ಕಬ್ಬಿಣದ ಬಾಗಿಲು ಹಾರುಹೊಡೆದಿತ್ತು. ಗಟ್ಟಿ ಕೇಳಿದವರಿಗೆಲ್ಲ ಚೌಕಾಸಿಯಿಲ್ಲದೆ ಕೊಟ್ಟರು. ಫೋನಿನ ಗುಂಪಿನಲ್ಲಿ ತಮ್ಮ ಕೈಯಾರೆ ಇಪ್ಪತ್ತು ಪೌಂಡ್ ಕೆಳಗಿನ ಅಂಕಿ ಹಾಕಿದರು. ಶಲಬಿ ಸುರಿದುಕೊಡುತ್ತಿದ್ದಾನೆ, ಡಾಲರ್ ಇಳಿಯುತ್ತದಂತೆ ಎಂದು ಓಣಿಯಲ್ಲಿ ಗುಸುಗುಸು ಹಬ್ಬಿತು. ಹಿಡಿದಿಟ್ಟುಕೊಂಡವರು ಹೆದರಿ ಹೊರಗೆ ತೆಗೆದರು. ಮಧ್ಯಾಹ್ನದ ಹೊತ್ತಿಗೆ ದರ ಇನ್ನೂ ಕೆಳಗೆ ಕೂತಿತ್ತು. ಔನ್ಸು ಅಲ್ಲೆಲ್ಲೋ ಗಾಢ ನಿದ್ರೆಯಲ್ಲಿತ್ತು.

ಅಷ್ಟರಲ್ಲಿ ಒಬ್ಬ ಬಸ್ ಕಂಡಕ್ಟರು ಹೆಂಡತಿ ಮಗಳೊಡನೆ ಒಳಗೆ ಬಂದ. ಬೆಳಿಗ್ಗೆಯ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದ. ಮಗಳಿಗೆ ಎರಡು ತೆಳು ಬಳೆ ಬೇಕಿತ್ತು. ದರ ಕೇಳಿ ಅವನ ಮುಖ ಅರಳಿತು. "ಹಾಜಿಯವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕ. ತಿಂಗಳಿಂದ ಬಂದು ಬಂದು ಹೋಗ್ತಿದೀವಿ" ಎಂದ. ಹುಡುಗಿ ಒಂದೊಂದೇ ಬಳೆ ಹಾಕಿ ನೋಡತೊಡಗಿದಳು. ಹಾಜಿಯವರ ಗಮನ ಅಲ್ಲಿರಲಿಲ್ಲ. ಕತ್ತು ಓಣಿಯ ಕಡೆ, ಕಿವಿ ತಾದ್ರೊಸ್‌ನ ಅಂಗಡಿಯ ಕಡೆ.

ಆಗ ಕೇಳಿತು. ಎರಡು ಅಂಗಡಿ ಆಚೆಯಿಂದ ಹೆಂಗಸರ ಮಂಗಳದ ಕೂಗು, ನಾಲಿಗೆ ಗಲಗಲಿಸಿ ಹೊರಟ ಉದ್ದನೆಯ ಕೂಗು, ಒಂದರ ಮೇಲೊಂದು. ಬಳೆ ನಶ್ವಾಳ ಕೈ ಸೇರಿತ್ತು. ಹಾಜಿಯವರು ಅರ್ಧ ಎದ್ದರು. ಎದ್ದರೆ ಬೀದಿ ನೋಡುತ್ತದೆ ಎಂದು ನೆನಪಾಗಿ ಮತ್ತೆ ಕೂತರು. ಕಣ್ಣು ತುಂಬಿ ಬಂದಿತ್ತು. ಸುಳ್ಳು ಹೇಳಲಾರೆ, ಆ ಗಳಿಗೆಯಲ್ಲಿ ಅವರನ್ನು ಕಂಡು ನನಗೆ ಅಯ್ಯೋ ಅನ್ನಿಸಿತು. ಒಬ್ಬನೇ ಮಗನ ಶುಭವನ್ನು ಗೋಡೆಯಾಚೆಯಿಂದ ಕಿವಿಯಲ್ಲಿ ನೋಡುವುದೆಂದರೆ ಸಾಮಾನ್ಯವಲ್ಲ.

ಅವರು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಆ ಕೈ ಕೆಳಗಿಳಿಯುವಾಗಲೇ ಫೋನನ್ನು ಎತ್ತಿಕೊಂಡಿತ್ತು. ಹೆಬ್ಬೆರಳು ನಾಲ್ಕು ಸಲ ಆಡಿತು. ಒಳಗಿನ ಕಬ್ಬಿಣದ ಬಾಗಿಲು ಹಾಕುವಂತೆ ಅಂಗಡಿಯ ಆಳಿಗೆ ಕಣ್ಸನ್ನೆ ಮಾಡಿದರು. ನನ್ನ ಕಡೆ ತಿರುಗಿ, "ಹೊಸ ದರ ಬರ್ಕೊಳ್ಳಿ ಉಸ್ತಾದ್, ಅರವತ್ತು ಮೇಲೆ" ಎಂದರು.

ಕಂಡಕ್ಟರು ಬಳೆ ತೊಟ್ಟ ಮಗಳ ಕೈ ಹಿಡಿದು ತಕ್ಕಡಿಯ ಮುಂದೆ ನಿಂತಿದ್ದ. "ಈಗ ತಾನೇ ಬೇರೆ ಹೇಳಿದ್ರಲ್ಲ ಹಾಜಿಯವರೇ! ಇವಳು ಬಳೆ ಹಾಕೋಷ್ಟರಲ್ಲಿ ಯಾಕೆ ಬದಲಾಯ್ತು?"

"ಪತ್ರಿಕೆ ಓದಲ್ವಾ ನೀನು?" ಎಂದರು ಹಾಜಿ, ಹುಡುಗಿಯ ಕೈಗೆ ಕೈ ನೀಡುತ್ತ. "ಯಾರೋ ನಿನ್ನ ಥರದವನೇ ಬರೆದು ಕೇಳಿದ್ದ. ಉತ್ತರ ಪೂರ್ತಿ ಬಂದಿದೆ, ಬುಧವಾರದ್ದು ನೋಡು." ಬಳೆ ಬಿಚ್ಚಿ ತಟ್ಟೆಗೆ ಹಾಕಿದರು.